ಸಿಮ್ ಪಿನ್ ಜೊತೆ ಎರಡು ವರ್ಷ: ಅದು ಕಾಯುವುದು ಯಾವುದನ್ನು, ಕಾಯದಿರುವುದು ಯಾವುದನ್ನು

ಕಲಬುರಗಿಯ ನೆಹರೂ ಗಂಜಿನಲ್ಲಿರುವ ಒಂದು ಅಡತಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ತೊಗರಿ ಹಂಗಾಮಿನಲ್ಲಿ ನಮ್ಮ ಸಾಹುಕಾರರ ಮೊಬೈಲ್ ನಂಬರಿನ ಮೇಲೆಯೇ ಅಂಗಡಿಯ ಅರ್ಧ ವ್ಯವಹಾರ ನಡೆಯುತ್ತದೆ. ಎರಡು ವರ್ಷದ ಹಿಂದೆ, ಜನವರಿಯಲ್ಲಿ, ಆ ನಂಬರೇ ಒಂದು ದಿನ ಬೇರೆಯವರ ಪಾಲಾಯಿತು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರ ಫೋನಿನಲ್ಲಿ ನೆಟ್‌ವರ್ಕ್ ಹೋಯಿತು. ಟವರ್ ತೊಂದರೆ ಇರಬೇಕೆಂದು ಫೋನನ್ನು ಆರಿಸಿ ಮತ್ತೆ ಹಚ್ಚಿದರು. ಪಕ್ಕದಲ್ಲೇ ಕೂತಿದ್ದ ನನ್ನದೂ ಅದೇ ಕಂಪನಿಯ ಸಿಮ್. ನನ್ನ ಫೋನಿನಲ್ಲಿ ಗೆರೆಗಳು ಪೂರ್ತಿ ಇದ್ದವು. ಅಪಾಯ ತಿಳಿಯಬೇಕಾಗಿದ್ದದ್ದು ಅಲ್ಲೇ, ನಮಗೆ ಹೊಳೆಯಲಿಲ್ಲ. ಸಿಮ್ ಬದಲಾವಣೆಗೆ ಕೋರಿಕೆ ಬಂದಿದೆ, ನೀವು ಕೇಳಿರದಿದ್ದರೆ ತಿಳಿಸಿ ಎಂಬ ಸಂದೇಶ ಒಂಬತ್ತೂವರೆಗೇ ಬಂದಿತ್ತು. ಜಾಹೀರಾತಿನ ಸಂದೇಶಗಳ ನಡುವೆ ಅದನ್ನು ಯಾರೂ ಓದಿರಲಿಲ್ಲ. ಯಾರೋ ಕಳ್ಳ ಎಲ್ಲೋ ಒಂದು ಅಂಗಡಿಯಲ್ಲಿ ಅವರ ಹೆಸರಿನಲ್ಲಿ ಹೊಸ ಸಿಮ್ ಪಡೆದಿದ್ದ.

ಹೊಸ ಸಿಮ್ ಚಾಲೂ ಆದಮೇಲೆ 24 ಗಂಟೆ ಅದರಲ್ಲಿ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ದೂರಸಂಪರ್ಕ ಇಲಾಖೆಯ ನಿಯಮವದು. ಹಾಗಾಗಿ ಬ್ಯಾಂಕಿನ ಒಟಿಪಿ ಆ ದಿನ ಕಳ್ಳನಿಗೆ ಸಿಗಲಿಲ್ಲ, ಖಾತೆ ಉಳಿಯಿತು. ಆದರೆ ಕರೆಗೆ ಈ ತಡೆ ಇಲ್ಲ. ವಾಟ್ಸ್‌ಆ್ಯಪ್ ತನ್ನ ಕೋಡನ್ನು ಕರೆ ಮಾಡಿಯೂ ಹೇಳುತ್ತದೆ. ಅವನು ಹಾಗೆಯೇ ಕೋಡ್ ಪಡೆದು ಒಳಗೆ ಹೋದ. ಮಧ್ಯಾಹ್ನ ಒಂದರ ಹೊತ್ತಿಗೆ ಸಾಹುಕಾರರ ಅಳಿಯ ನನಗೆ ಫೋನ್ ಮಾಡಿ, "ಮಾಮಾ ಕೇಳಿದ ಇಪ್ಪತ್ತೈದು ಸಾವಿರ ಕಳಿಸಿದ್ದೇನೆ, ಮುಟ್ಟಿತೇ ಕೇಳಿ" ಎಂದಾಗಲೇ ನಮಗೆ ಗೊತ್ತಾಗಿದ್ದು.

ಅಳಿಯ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರಿಂದ ಆ ಹಣದಲ್ಲಿ ಒಂದು ಭಾಗ ಮುಂದೆ ಹೋಗದಂತೆ ತಡೆಯಾಯಿತು. ನಾವು ಗುರುತಿನ ಚೀಟಿ ಹಿಡಿದು ಕಂಪನಿಯ ಮಳಿಗೆಗೆ ಹೋಗಿ ಆ ಸಿಮ್ ನಿಲ್ಲಿಸಿ ಬೇರೆ ಸಿಮ್ ಪಡೆದೆವು. ಅದಕ್ಕೂ ಅದೇ 24 ಗಂಟೆಯ ತಡೆ! ಮರುದಿನ ರೈತರಿಗೆ ಕೊಡಬೇಕಾದ ಪಾವತಿ ನಿಂತಿತು. ಅದಕ್ಕಿಂತ ಹೆಚ್ಚು ಕಾಡಿದ್ದು ವಾಟ್ಸ್‌ಆ್ಯಪ್. ಒಳಗೆ ಹೋದವನು ತನ್ನದೇ ಆರಂಕಿಯ ಪಿನ್ ಹಾಕಿಟ್ಟಿದ್ದ. ನಂಬರ್ ನಮ್ಮ ಕೈಗೆ ಬಂದಕೂಡಲೇ ಅವನನ್ನು ಹೊರಹಾಕಲು ಆಯಿತು. ಆದರೆ ಆ ಪಿನ್ ಗೊತ್ತಿಲ್ಲದ ಕಾರಣ ನಾವು ಒಳಗೆ ಹೋಗಲು ಏಳು ದಿನ ಕಾಯಬೇಕಾಯಿತು.

ಇದನ್ನು ಕೇಳಿ, ಅಮೆರಿಕದಲ್ಲಿರುವ ನನ್ನ ತಮ್ಮ ಅಲ್ಲಿನ ಪದ್ಧತಿ ಹೇಳಿದ. ಅಲ್ಲಿ ಮೊಬೈಲ್ ಕಂಪನಿಯ ಖಾತೆಗೇ ಒಂದು ಪಿನ್ ಇರುತ್ತದೆ. ಆ್ಯಪ್‌ನಲ್ಲಿ ನಂಬರಿಗೆ ಬೀಗ ಹಾಕುವ ಗುಂಡಿಯೂ ಇದ್ದು, ಅದನ್ನು ತೆಗೆಯದೆ ಸಿಮ್ ಬದಲಿಸಲು ಆಗುವುದಿಲ್ಲ. ಅದನ್ನೇ ಕೇಳಿಕೊಂಡು ನಾನು ನಮ್ಮ ಕಂಪನಿಯ ಮಳಿಗೆಗೆ ಹೋದೆ. "ಅಂಥದ್ದು ನಮ್ಮಲ್ಲಿ ಇಲ್ಲ ಸರ್, ಸಿಮ್ ಪಿನ್ ಹಾಕಿಕೊಳ್ಳಿ" ಎಂದರು. ಅಂದೇ ನನ್ನ ಫೋನಿಗೂ ಸಾಹುಕಾರರ ಫೋನಿಗೂ ಹಾಕಿದೆ.

ಎರಡು ವರ್ಷ ಬಳಸಿದ ಮೇಲೆ ಇದರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಸಿಮ್ ಪಿನ್ ಒಳ್ಳೆಯದು, ಆದರೆ ನಮಗಾದ ಮೋಸವನ್ನು ಅದು ತಡೆಯುವುದಿಲ್ಲ. ಆ ಪಿನ್ ಇರುವುದು ನಮ್ಮ ಕೈಯಲ್ಲಿರುವ ಸಿಮ್ ಚೀಟಿಯೊಳಗೆ. ಕಂಪನಿ ಬೇರೊಂದು ಸಿಮ್ ಕೊಟ್ಟಾಗ ನಮ್ಮದು ಸುಮ್ಮನೆ ಸತ್ತುಹೋಗುತ್ತದೆ, ಹೊಸದಕ್ಕೆ ನಮ್ಮ ಪಿನ್ ಗೊತ್ತೇ ಇರುವುದಿಲ್ಲ. ಅದು ಕಾಯುವುದು ಬೀದರ್ ಬಸ್ಸಿನಲ್ಲಿ ಫೋನ್ ಕದ್ದವನಿಂದ. ಪರದೆಗೆ ಬೀಗವಿದ್ದರೂ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ಒಟಿಪಿಗಳೆಲ್ಲ ಅವನಿಗೇ ಬರುತ್ತವೆ. ಪಿನ್ ಇದ್ದರೆ ಬರುವುದಿಲ್ಲ. ಮಳಿಗೆಯವರು ಈ ವ್ಯತ್ಯಾಸ ಹೇಳಲಿಲ್ಲ, ಹೇಳಬೇಕಿತ್ತು.

ಹಾಕುವಾಗ ಒಂದು ಎಚ್ಚರಿಕೆ ಬೇಕು. ಹೊಸ ಪಿನ್ ಹಾಕುವ ಮೊದಲು ಫೋನು ಹಳೆಯ ಪಿನ್ ಕೇಳುತ್ತದೆ. ಅದು ಕಂಪನಿಯೇ ಇಟ್ಟ ಸಂಖ್ಯೆ, ಊಹಿಸಬೇಡಿ. ಮೂರು ಸಲ ತಪ್ಪಿದರೆ ಸಿಮ್ ಬೀಗ ಬಿಡಿಸುವ ಎಂಟಂಕಿಯ ಸಂಖ್ಯೆ, ಪಿಯುಕೆ, ಕೇಳುತ್ತದೆ. ಅದನ್ನೂ ಹತ್ತು ಸಲ ತಪ್ಪಿದರೆ ಆ ಸಿಮ್ ಮತ್ತೆ ಬದುಕುವುದಿಲ್ಲ. ಇನ್ನೊಂದು ಕಿರಿಕಿರಿ ನಮ್ಮ ಊರಿನದು. ಮೇ ತಿಂಗಳಲ್ಲಿ ಬೈಕಿನ ಮೇಲೆ ಆಳಂದಕ್ಕೆ ಹೋಗುವಾಗ ಬಿಸಿಲಿಗೆ ಕಾದು ಫೋನು ತಾನೇ ಆರಿಹೋಯಿತು. ಮತ್ತೆ ಹಚ್ಚಿ ಜೇಬಿಗೆ ಹಾಕಿಕೊಂಡೆ, ಪಿನ್ ಒತ್ತಲು ಮರೆತೆ. ಪಿನ್ ಒತ್ತುವ ತನಕ ಸಿಮ್ ಎಚ್ಚರವಾಗುವುದಿಲ್ಲ, ಎರಡು ಗಂಟೆ ಒಂದು ಕರೆಯೂ ಬರಲಿಲ್ಲ.

ಹಾಗಾದರೆ ಸಿಮ್ ಬದಲಿಸುವವನನ್ನು ತಡೆಯುವುದು ಹೇಗೆ? ಪೂರ್ತಿ ತಡೆಯುವ ದಾರಿ ನನಗೆ ಸಿಕ್ಕಿಲ್ಲ. ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿದ್ದೇನೆ. ಬೆರಳಚ್ಚು ಕೊಟ್ಟು ನನ್ನ ಹೆಸರಿನಲ್ಲಿ ಸಿಮ್ ಪಡೆಯುವ ದಾರಿ ಅಷ್ಟರಮಟ್ಟಿಗೆ ಮುಚ್ಚಿತು, ನಕಲಿ ದಾಖಲೆಯ ದಾರಿ ಮುಚ್ಚಲಿಲ್ಲ. ನ್ಯಾಯಬೆಲೆ ಅಂಗಡಿಗೆ ಹೋಗುವ ದಿನ ಬೀಗ ತೆಗೆಯುವುದನ್ನು ನೆನಪಿಡಬೇಕು, ಇಲ್ಲವಾದರೆ ಅಲ್ಲಿ ಬೆರಳು ಒಪ್ಪುವುದಿಲ್ಲ. ನಂಬರನ್ನು ಬೇರೆ ಕಂಪನಿಗೆ ಒಯ್ಯುವ ದಾರಿಯನ್ನು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಬಿಗಿಮಾಡಿದೆ: 2024ರ ಜುಲೈ 1ರಿಂದ, ಸಿಮ್ ಬದಲಾದ ಏಳು ದಿನದೊಳಗೆ ಅದಕ್ಕೆ ಬೇಕಾದ ಕೋಡ್ ಸಿಗುವುದಿಲ್ಲ.

ನಿಜವಾಗಿ ಫಲ ಕೊಟ್ಟದ್ದು, ನಂಬರ್ ಹೋದರೂ ಅದರ ಹಿಂದೆ ಬೇರೇನೂ ಹೋಗದಂತೆ ಮಾಡಿಕೊಂಡದ್ದು. ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ಪರಿಶೀಲನೆಯ ಆರಂಕಿಯ ಪಿನ್ ನಾವೇ ಮೊದಲು ಹಾಕಿಟ್ಟೆವು. ಈಗ ಕಾಯುವ ಸರದಿ ಕಳ್ಳನದು. ಮರೆತರೆ ಇರಲೆಂದು ಇಮೇಲ್ ವಿಳಾಸವನ್ನೂ ಸೇರಿಸಿದ್ದೇವೆ.

ಆ ಇಮೇಲ್ ಕೂಡ ನಂಬರಿನ ಮೇಲೆಯೇ ನಿಂತಿದ್ದರೆ ಏನೂ ಮಾಡಿದಂತಾಗುವುದಿಲ್ಲ. ನಾನು ಗೂಗಲ್ ಖಾತೆಯ ಎರಡನೇ ಹಂತಕ್ಕೆ ಎಸ್‌ಎಂಎಸ್ ತೆಗೆದು, ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿ ಕೆಲಸ ಮುಗಿಯಿತೆಂದುಕೊಂಡಿದ್ದೆ. ಒಂದು ಭಾನುವಾರ ಮಗಳ ಫೋನಿನಲ್ಲಿ ನನ್ನ ಖಾತೆಗೆ ಹೋಗಿ, ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿ ನೋಡಿದೆ. ನನ್ನ ನಂಬರಿನ ಕೊನೆಯ ಎರಡು ಅಂಕಿ ತೋರಿಸಿ, ಕೋಡ್ ಕಳಿಸಲೇ ಎಂದು ಕೇಳಿತು! ಎರಡನೇ ಹಂತದ ನಂಬರ್ ಬೇರೆ ಜಾಗದಲ್ಲಿ, ಖಾತೆ ಮರಳಿ ಪಡೆಯುವ ನಂಬರ್ ಬೇರೆ ಜಾಗದಲ್ಲಿ ಇರುತ್ತದೆ. ಒಂದನ್ನು ತೆಗೆದರೆ ಇನ್ನೊಂದು ಹಾಗೆಯೇ ಉಳಿದಿರುತ್ತದೆ. ಎರಡನ್ನೂ ತೆಗೆದು, ಗೂಗಲ್ ಕೊಡುವ ಎಂಟಂಕಿಯ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕಾಗದಕ್ಕೆ ಇಳಿಸಿಕೊಂಡೆ. ಒಂದೊಂದು ಕೋಡ್ ಒಂದೇ ಸಲ ನಡೆಯುತ್ತದೆ. ಹಳೆಯ ಫೋನ್ ನೀರಿಗೆ ಬಿದ್ದು ಹೋದಾಗ ಹೊಸದರಲ್ಲಿ ಒಳಗೆ ಹೋದದ್ದು ಅವುಗಳಲ್ಲೊಂದರಿಂದ. ಬಳಸಿದ್ದಕ್ಕೆ ಪೆನ್ನಿನಿಂದ ಗೆರೆ ಎಳೆದಿದ್ದೇನೆ.

ಬ್ಯಾಂಕಿನ ಒಟಿಪಿ ಮಾತ್ರ ಇನ್ನೂ ಆ ನಂಬರಿಗೇ ಬರುತ್ತದೆ, ಅದನ್ನು ಬಿಡಿಸಿಕೊಳ್ಳಲು ನನಗೆ ಆಗಿಲ್ಲ. ಅದಕ್ಕೆ ನೆಟ್ ಬ್ಯಾಂಕಿಂಗಿನ ದಿನದ ಮಿತಿಯನ್ನು ಇಳಿಸಿಟ್ಟು, ಹಂಗಾಮಿನ ಎರಡು ತಿಂಗಳು ಮಾತ್ರ ಏರಿಸುತ್ತೇವೆ. ಸಿಮ್ ಬಂದ ಹೊದಿಕೆಯಲ್ಲಿ ಪಿಯುಕೆ ಇತ್ತು. ಅದೂ ಬ್ಯಾಕಪ್ ಕೋಡಿನ ಕಾಗದವೂ ಅಂಗಡಿಯ ಕಬ್ಬಿಣದ ಅಲಮಾರಿಯಲ್ಲಿವೆ. ಖಾತೆ ಪುಸ್ತಕದ ರಟ್ಟಿನ ಒಳಗೆ 1930 ಮತ್ತು ಕಂಪನಿಯ ಗ್ರಾಹಕ ಸೇವೆಯ ಸಂಖ್ಯೆಯನ್ನು ಬರೆದು ಅಂಟಿಸಿದ್ದೇನೆ. ಈಗ ಸಾಹುಕಾರರು ತಮ್ಮ ಫೋನಿನಲ್ಲಿ ಗೆರೆ ಕಾಣದಿದ್ದರೆ ಅದನ್ನು ಆರಿಸುವುದಕ್ಕೆ ಮೊದಲು ನನ್ನ ಫೋನನ್ನು ಕೇಳಿ ನೋಡುತ್ತಾರೆ.