ಉದ್ದ ಫೋಟೊವನ್ನು ಅಡ್ಡ ಕವರ್‌ಗೆ ಹೊಂದಿಸಲು ಮಾಡಿ ನೋಡಿದ ನಾಲ್ಕು ದಾರಿ

ಚಿಕ್ಕಪ್ಪ ಶರಾವತಿ ಹಿನ್ನೀರಿನ ಬಗ್ಗೆ ಬರೆದಿಟ್ಟಿದ್ದ ನೆನಪುಗಳನ್ನು ಪುಸ್ತಕ ಮಾಡುವ ಕೆಲಸ ನನ್ನ ಹೆಗಲಿಗೆ ಬಂತು. ಕವರ್‌ಗೆ ಯಾವ ಫೋಟೊ ಅನ್ನುವುದರಲ್ಲಿ ಚರ್ಚೆಯೇ ಇರಲಿಲ್ಲ. ಸಿಗಂದೂರು ಲಾಂಚ್ ಹಿನ್ನೀರಿನ ನಡುವೆ ಬರುತ್ತಿರುವ ಒಂದು ಫೋಟೊ, ಅವರೇ ಮೊಬೈಲಿನಲ್ಲಿ ತೆಗೆದದ್ದು. ಮುಂದೆ, ಪುಸ್ತಕದ ದಪ್ಪದ ಬದಿಯಾದ ಸ್ಪೈನ್, ಹಿಂದೆ ಮೂರಕ್ಕೂ ಅದೇ ಹರಡಿಕೊಂಡಿರಬೇಕು ಅಂತ ಅವರ ಆಸೆ. ತೊಂದರೆ ಏನೆಂದರೆ ಫೋಟೊ ಉದ್ದಕ್ಕಿದೆ, ಕವರ್ ಅಡ್ಡಕ್ಕಿರುತ್ತದೆ. "ಇನ್ನೊಂದು ಸಲ ಹೋಗಿ ಅಡ್ಡ ಹಿಡಿದು ತೆಗೆದುಕೊಂಡು ಬರಲಾ?" ಅಂತ ಕೇಳಿದೆ. "ಈಗ ಹೋದರೆ ಹಿಂದೆ ಸೇತುವೆ ಕಾಣ್ತದೆ ಮಾರಾಯ" ಅಂದರು. ಸರಿ, 2025ರ ಜುಲೈಯಲ್ಲಿ ಸೇತುವೆ ಶುರುವಾದಮೇಲೆ ಆ ನೋಟ ಸಿಗುವುದಿಲ್ಲ. ಇರುವ ಫೋಟೊವನ್ನೇ ಎಳೆಯಬೇಕು.

ಮೊದಲು ಅಳತೆ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಡೆಮಿ 1/8, ಅಂದರೆ ಕಟಿಂಗ್ ಆದಮೇಲೆ 140 x 216 ಮಿಮೀ. 192 ಪುಟ, ಪ್ರೆಸ್ಸಿನವರು ಅದೇ ಕಾಗದದಲ್ಲಿ ಕೊಟ್ಟ ಡಮ್ಮಿ ಅಳೆದರೆ ಸ್ಪೈನ್ 10 ಮಿಮೀ. ಎಲ್ಲ ಕಡೆ 3 ಮಿಮೀ ಬ್ಲೀಡ್, ಅಂದರೆ ಕಟಿಂಗ್‌ನಲ್ಲಿ ಹೋಗುವ ಹೆಚ್ಚುವರಿ ಅಂಚು. ಕೂಡಿಸಿದರೆ ಅಗಲ 3+140+10+140+3, ಒಟ್ಟು 296. ಎತ್ತರ 222. ಇದನ್ನು ಭಾಗಿಸಿ ನೋಡಿ, ಸರಿಯಾಗಿ 4:3 ಬರುತ್ತದೆ! ಮೊಬೈಲ್ ಕ್ಯಾಮೆರಾದ ಮಾಮೂಲು ಅಳತೆ ಅದೇ ತಾನೇ. ಚಿಕ್ಕಪ್ಪ ಅವತ್ತು ಫೋನು ಅಡ್ಡ ಹಿಡಿದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಅವರ ಫೋಟೊ 3024 x 4032 ಪಿಕ್ಸೆಲ್, ಉದ್ದಕ್ಕೆ. ಲಾಂಚ್ ಸರಿಯಾಗಿ ನಡುವಿನಲ್ಲಿ, ಫೋಟೊದ ಅರ್ಧ ಅಗಲ ತುಂಬಿದೆ. ಮೇಲೆ ಮೋಡ, ಹಿಂದೆ ತೆಳುವಾಗಿ ಗುಡ್ಡ, ಕೆಳಗೆ ನೀರು, ಎಡ ಅಂಚಿನಲ್ಲಿ ಮುಳುಗಡೆ ಕಾಲದ ಒಂದು ಒಣ ಮರದ ಬೊಡ್ಡೆ.

ಒಂದನೇ ದಾರಿ: ಫೋಟೊವನ್ನೇ ದೊಡ್ಡದು ಮಾಡುವುದು

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಫೋಟೊದ ಅಗಲವನ್ನು 296 ಮಿಮೀಗೆ ಎಳೆದೆ, ಮೇಲೆ ಕೆಳಗೆ ಉಳಿದದ್ದು ಕತ್ತರಿಸಿ ಹೋಯಿತು. ಪಿಕ್ಸೆಲ್ ಸಾಲದೆ ಮಸುಕಾಗುತ್ತದೆ ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಇಂಚಿಗೆ 260 ಪಿಕ್ಸೆಲ್ ಬಂತು. 300 ಇರಬೇಕು ಅಂತ ಎಲ್ಲರೂ ಹೇಳುತ್ತಾರೆ, ಆದರೆ ನೀರು ಮೋಡ ಇರುವ ಫೋಟೊಗೆ 260 ಧಾರಾಳ ಸಾಕು.

ಸೋತದ್ದು ಬೇರೆ ಕಡೆ. ಕವರ್ ಹಾಳೆಯ ನಡು ಅಂದರೆ ಸ್ಪೈನ್. ಫೋಟೊದ ನಡುವಿನಲ್ಲಿದ್ದ ಲಾಂಚ್ ನೇರವಾಗಿ ಸ್ಪೈನ್ ಮೇಲೆ ಬಂದು ಕೂತಿತು. ಮುಂದೆ ಲಾಂಚಿನ ಬಾಲ, ಹಿಂದೆ ಮೂತಿ, ಮಡಿಕೆಯಲ್ಲಿ ಹತ್ತು ಹದಿನೈದು ಜನ. ಸ್ಕ್ರೀನಿನಲ್ಲಿ ಹರಡಿಟ್ಟು ನೋಡುವಾಗ ಇದು ಸೊಗಸಾಗೇ ಕಾಣುತ್ತದೆ, ಅದೇ ಮೋಸ. ಮುಂದಿನ ಪುಟದ ನಡು ಎಲ್ಲಿ ಬರುತ್ತದೆ ಅಂತ ಲೆಕ್ಕ ಹಾಕಿದರೆ ಎಡದಿಂದ 223 ಮಿಮೀ, ಅಂದರೆ ಒಟ್ಟು ಅಗಲದ ಮುಕ್ಕಾಲು ಭಾಗದಲ್ಲಿ. ಮುಖ್ಯ ವಸ್ತು ಅಲ್ಲಿರಬೇಕು. ನನ್ನ ಲಾಂಚನ್ನು ಅಲ್ಲಿಗೆ ತಳ್ಳಿ, ಎಡಗಡೆ ಖಾಲಿ ಬಿಡದಿರಬೇಕು ಅಂದರೆ ಫೋಟೊವನ್ನು 446 ಮಿಮೀಗೆ ಹಿಗ್ಗಿಸಬೇಕು. ಆಗ ಇಂಚಿಗೆ 172 ಪಿಕ್ಸೆಲ್, ಮೇಲಾಗಿ ಲಾಂಚು ಮುಂದಿನ ಪುಟಕ್ಕಿಂತ ದೊಡ್ಡದು. ಕೈಬಿಟ್ಟೆ. ನಿಮ್ಮ ಫೋಟೊದಲ್ಲಿ ವಸ್ತು ಬಲಗಡೆ ಇದ್ದರೆ ಮಾತ್ರ ಈ ದಾರಿ, ಆಗ ಬೇರೆ ಯಾವುದನ್ನೂ ನೋಡಬೇಡಿ.

ಎರಡನೇ ದಾರಿ: ಕನ್ನಡಿ

ಇಲ್ಲಿಂದ ಮುಂದೆ ಮೂರೂ ದಾರಿಗೂ ಶುರು ಒಂದೇ. ಫೋಟೊದ ಎತ್ತರವನ್ನು 222 ಮಿಮೀಗೆ ಕೂಡಿಸಿ ಬಲ ಅಂಚಿಗೆ ಅಂಟಿಸುವುದು. ಆಗ ಅದರ ಅಗಲ 166.5 ಮಿಮೀ. ಇದರಲ್ಲಿ ಮುಂದಿನ ಪುಟ ಬ್ಲೀಡ್ ಸೇರಿ 143, ಸ್ಪೈನ್ 10, ಹೋದರೆ ಇನ್ನೂ 13.5 ಮಿಮೀ ಹಿಂದಿನ ಪುಟದ ಮೇಲೆ ಚಾಚಿಕೊಳ್ಳುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ, ಅಳತೆ ಹಾಕಿದಾಗ ಸಿಕ್ಕ ಬೋನಸ್. ಫೋಟೊ ಮುಗಿದು ಜೋಡಿಸಿದ ಭಾಗ ಶುರುವಾಗುವ ಬೆಸುಗೆ ಸ್ಪೈನಿನ ಮಡಿಕೆಯಲ್ಲಿ ಬರುವುದಿಲ್ಲ. ಬೈಂಡಿಂಗ್‌ನಲ್ಲಿ ಮಡಿಕೆ ಒಂದು ಮಿಮೀ ಆಚೀಚೆ ಆಗುವುದು ಮಾಮೂಲು. ಬಣ್ಣ ಬದಲಾಗುವ ಗೆರೆಯನ್ನು ಮಡಿಕೆಗೇ ಇಟ್ಟರೆ ಆ ಒಂದು ಮಿಮೀ ಎದ್ದು ಕಾಣುತ್ತದೆ, ಸ್ಪೈನ್ ಬಣ್ಣ ಮುಂದಿನ ಪುಟಕ್ಕೆ ಇಣುಕಿದ ಪುಸ್ತಕಗಳನ್ನು ನೀವೂ ನೋಡಿರುತ್ತೀರಿ ಅಲ್ವಾ.

ಉಳಿದ 129.5 ಮಿಮೀಗೆ ಅದೇ ಫೋಟೊವನ್ನು ತಿರುಗಿಸಿ ಜೋಡಿಸಿದೆ. ಐದು ನಿಮಿಷದ ಕೆಲಸ. ಬಣ್ಣ, ಬೆಳಕು, ಗುಡ್ಡದ ಗೆರೆ ಎಲ್ಲ ಬೆಸುಗೆಯಲ್ಲಿ ತಾನಾಗಿ ಕೂಡುತ್ತವೆ, ಏಕೆಂದರೆ ಎರಡೂ ಕಡೆ ಇರುವುದು ಒಂದೇ ಅಂಚು. ಆದರೆ ಹಿಂದೆ ಎರಡನೇ ಲಾಂಚ್ ಬಂತು, ಅದರ ಬೋರ್ಡಿನ ಅಕ್ಷರ ಉಲ್ಟಾ. ಮರದ ಬೊಡ್ಡೆ ತನ್ನದೇ ಪ್ರತಿಬಿಂಬಕ್ಕೆ ಅಂಟಿ ಚಿಟ್ಟೆಯ ಹಾಗಾಯಿತು. ನೀರಿನ ಅಲೆಗಳು ಬೆಸುಗೆಯಲ್ಲಿ ಮೀನಿನ ಮುಳ್ಳಿನ ಹಾಗೆ ಎರಡು ಕಡೆ ಬಾಗಿದವು. ಲಾಂಚ್ ಅಳಿಸಿ ಹಾಕಿದರೂ ಈ ಅಲೆ ಹೋಗುವುದಿಲ್ಲ, ಕನ್ನಡಿ ಮಾಡಿದ್ದಾರೆ ಅಂತ ಹಿಡಿದುಕೊಡುವುದು ಅದೇ.

ಒಂದು ಮಾತು ಕನ್ನಡಿಯ ಪರವಾಗಿ. ಪುಸ್ತಕ ಕೈಯಲ್ಲಿ ಹಿಡಿದಾಗ ಎರಡು ಬದಿ ಒಟ್ಟಿಗೆ ಕಾಣುವುದಿಲ್ಲ. ಬೊಡ್ಡೆ ಗಿಡ್ಡೆ ಇಲ್ಲದ ಕಾಡು, ಗೋಡೆ, ಎಲೆಗಳ ಫೋಟೊ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ನೀರಿಗೆ ಮಾತ್ರ ಬೇಡ.

ಮೂರನೇ ದಾರಿ: ಬಣ್ಣಕ್ಕೆ ಕರಗಿಸುವುದು

ಫೋಟೊದ ಎಡ ಅಂಚು ನಿಧಾನಕ್ಕೆ ಮಾಯವಾಗಿ ಹಿಂದಿನ ಪುಟ ಪೂರ್ತಿ ಒಂದೇ ಬಣ್ಣ. ನೀರಿನಿಂದ ಬಣ್ಣ ತೆಗೆದುಕೊಂಡೆ, ಮೋಡ ಇರುವ ಕಡೆ ಕೊಳಕಾಯಿತು. ಮೋಡದಿಂದ ತೆಗೆದುಕೊಂಡೆ, ನೀರು ತೇಲಿದ ಹಾಗಾಯಿತು. ಮೇಲೆ ಬಿಳಿ ಬೂದಿ, ಕೆಳಗೆ ಕಪ್ಪು ಹಸಿರು ಇರುವ ಫೋಟೊಗೆ ಒಂದು ಬಣ್ಣ ಎಲ್ಲಿಂದ ಹೊಂದಬೇಕು? ಬೆನ್ನುಡಿಯ ಅಕ್ಷರ ಓದಲು ಮಾತ್ರ ಇದಕ್ಕಿಂತ ಚೆನ್ನಾದದ್ದಿಲ್ಲ. ಆದರೆ ಚಿಕ್ಕಪ್ಪ ಒಂದೇ ಮಾತಿನಲ್ಲಿ ಮುಗಿಸಿದರು: "ಹಿಂದೆ ಹೊಳೆಯೇ ಇಲ್ಲವಲ್ಲ."

ನಾಲ್ಕನೇ ದಾರಿ: ಅಂಚಿನ ಪಟ್ಟಿಯನ್ನು ಎಳೆಯುವುದು

ಮೂರನೆಯದು ಸೋತ ಕಾರಣದಿಂದಲೇ ಇದು ಹುಟ್ಟಿದ್ದು. ಒಂದು ಬಣ್ಣ ಹೊಂದುವುದಿಲ್ಲ, ಆದರೆ ಅಂಚಿನಲ್ಲೇ ಮೇಲಿಂದ ಕೆಳಗಿನವರೆಗೆ ಬೇಕಾದ ಬಣ್ಣಗಳೆಲ್ಲ ಸಾಲಾಗಿ ಇವೆಯಲ್ಲ! ಎಡ ಅಂಚಿನ ಒಂದು ತೆಳು ಪಟ್ಟಿ ಕತ್ತರಿಸಿ, ಎತ್ತರ ಹಾಗೇ ಬಿಟ್ಟು, ಅಗಲಕ್ಕೆ ಮಾತ್ರ ಎಳೆಯುವುದು. ಇಂಚಿಗೆ 300ರ ಲೆಕ್ಕದಲ್ಲಿ ನನ್ನ ಕವರ್ 3496 x 2622 ಪಿಕ್ಸೆಲ್, ಅದರಲ್ಲಿ ಫೋಟೊ 1966, ಖಾಲಿ ಜಾಗ 1530. ಪಟ್ಟಿ ಫೋಟೊದ ಕೆಳಗೂ ಸ್ವಲ್ಪ ತೂರಿರಬೇಕು, ಹಾಗಾಗಿ 1680. ಗಿಂಪ್‌ನಲ್ಲೂ ಮಾಡಬಹುದು, ನಾನು ಬೇರೆ ಬೇರೆ ಅಗಲದ ಪಟ್ಟಿ ನೋಡಬೇಕಿತ್ತು ಅಂತ ಲಿನಕ್ಸ್‌ನಲ್ಲಿ ಇಮೇಜ್‌ಮ್ಯಾಜಿಕ್ ಬಳಸಿದೆ. ಫೋಟೊವನ್ನು ಮೊದಲೇ 2622 ಎತ್ತರಕ್ಕೆ ಇಳಿಸಿಕೊಂಡಿರಬೇಕು.

```
magick photo.png -crop 40x2622+0+0 +repage -resize '1680x2622!' back.png
```

ಮೊದಲ ಸಲ ಬಂದದ್ದು ನೋಡಿ ನಗು ಬಂತು. ಆ ಒಣ ಬೊಡ್ಡೆ ಅಂಚಿನಲ್ಲಿತ್ತು ಅಂದೆನಲ್ಲ, ಅದು ಹಿಂದಿನ ಪುಟದ ಉದ್ದಕ್ಕೂ ಕರಿ ತೊಲೆಯ ಹಾಗೆ ಮಲಗಿತ್ತು. ಕ್ಲೋನ್ ಟೂಲಿನಿಂದ ಪಟ್ಟಿಯ ಜಾಗದಲ್ಲಿ ಬೊಡ್ಡೆಯನ್ನು ಅಳಿಸಿ ಮತ್ತೆ ಓಡಿಸಿದೆ. ಈಗ ನೀರು ನೀರಿನ ಹಾಗೆ ಬಂತು. ನೀರು, ಮೋಡ ಎರಡೂ ಹೇಗಿದ್ದರೂ ಅಡ್ಡ ಗೆರೆಗಳೇ, ಅಡ್ಡಕ್ಕೆ ಎಳೆದರೆ ಸಹಜವಾಗಿಯೇ ಇರುತ್ತವೆ. ಗುಡ್ಡ ಮಾತ್ರ ಚಪ್ಪಟೆಯಾಗಿ ಒಂದು ನೀಲಿ ಪಟ್ಟಿ ಆಯಿತು, ದೂರದ ದಡ ಅಂದುಕೊಂಡರೆ ಆಯಿತು. ಪಟ್ಟಿಯ ಅಗಲ 5 ಪಿಕ್ಸೆಲ್ ಇಟ್ಟಾಗ ಬಾರ್‌ಕೋಡ್ ಮಲಗಿಸಿದ ಹಾಗೆ ಗೆರೆಗೆರೆ. 200 ಇಟ್ಟಾಗ ಅಲೆಗಳು ಹಿಟ್ಟಿನ ಹಾಗೆ ಎಳೆದುಕೊಂಡು ವಿಕಾರ. 40 ಸರಿ ಹೋಯಿತು. ನಿಮ್ಮ ಫೋಟೊಗೆ ಬೇರೆ ಬರಬಹುದು, ನಾಲ್ಕೈದು ಅಗಲ ಮಾಡಿ ಅಕ್ಕಪಕ್ಕ ಇಟ್ಟು ನೋಡಿ.

ಆಮೇಲೆ ಎರಡು ಕೆಲಸ. ಪಟ್ಟಿಯನ್ನು ಕೆಳಗಿಟ್ಟು, ಮೇಲಿನ ಫೋಟೊದ ಎಡ ಅಂಚಿನ 150 ಪಿಕ್ಸೆಲ್‌ಗೆ ಲೇಯರ್ ಮಾಸ್ಕ್ ಹಾಕಿ ಕಪ್ಪಿನಿಂದ ಬಿಳಿಗೆ ಗ್ರೇಡಿಯಂಟ್ ಎಳೆದೆ. ಅದು ಸುಮಾರು 13 ಮಿಮೀ, ಅಂದರೆ ಕರಗುವುದೆಲ್ಲ ಹಿಂದಿನ ಪುಟದಲ್ಲೇ ಮುಗಿಯುತ್ತದೆ, ಸ್ಪೈನ್‌ಗೆ ಪೂರ್ತಿ ನಿಜವಾದ ಫೋಟೊ. ಎರಡನೆಯದು, ಎಳೆದ ಭಾಗಕ್ಕೆ ಸ್ವಲ್ಪ ನಾಯ್ಸ್ ಸೇರಿಸುವುದು. ಇದನ್ನು ಮರೆತಿದ್ದೆ. ಸ್ಕ್ರೀನಿನಲ್ಲಿ ಗೊತ್ತಾಗಲಿಲ್ಲ, ಪ್ರಿಂಟ್‌ನಲ್ಲಿ ಮುಂದೆ ಮೊಬೈಲ್ ಫೋಟೊದ ಸಣ್ಣ ಕಾಳು, ಹಿಂದೆ ಪ್ಲಾಸ್ಟಿಕ್ ಹಾಳೆಯ ನುಣುಪು.

ನಾಲ್ಕೂ ದಾರಿಯನ್ನು ಆರ್ಟ್ ಕಾರ್ಡ್ ಮೇಲೆ ಡಿಜಿಟಲ್ ಪ್ರಿಂಟ್ ತೆಗೆಸಿದೆ. 13 x 19 ಇಂಚಿನ ಹಾಳೆಯಲ್ಲಿ ಎರಡು ಕವರ್ ಹಿಡಿಯುತ್ತವೆ, ಹಾಗಾಗಿ ಎರಡೇ ಹಾಳೆ ಸಾಕಾಯಿತು. ಒಂದೊಂದನ್ನೂ ಡಮ್ಮಿಗೆ ಸುತ್ತಿ ಮನೆಯವರ ಮುಂದಿಟ್ಟೆ. ಮೂರನೆಯದನ್ನು ಚಿಕ್ಕಮ್ಮ ಮೆಚ್ಚಿದರು, "ಇದರಲ್ಲಿ ಕನ್ನಡಕ ಇಲ್ಲದೆ ಓದಬಹುದು" ಅಂತ. ನ್ಯಾಯವಾದ ಮಾತು. ನಾಲ್ಕನೆಯದರ ಮೋಡದ ಭಾಗದಲ್ಲಿ ಬಿಳಿ ಅಕ್ಷರ ಮುಳುಗುತ್ತಿತ್ತು, ಬೆನ್ನುಡಿಯನ್ನು ಕೆಳಗೆ ನೀರಿಗೆ ಇಳಿಸಿದೆ. ಐಎಸ್‌ಬಿಎನ್ ಬಾರ್‌ಕೋಡ್‌ಗೆ ಬಿಳಿ ಚೌಕ ಹೇಗೂ ಬೇಕೇ ಬೇಕು.

ಜೋಡಿಸುವಾಗ ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಸ್ಕ್ರೈಬಸ್‌ನಲ್ಲಿ ಮೊದಲು ಹಿಂದೆ, ಸ್ಪೈನ್, ಮುಂದೆ ಅಂತ ಮೂರು ಇಮೇಜ್ ಫ್ರೇಮ್ ಮಾಡಿ ಒಂದೇ ಚಿತ್ರದ ಮೂರು ತುಂಡು ಕೂರಿಸಿದ್ದೆ. ಪಿಡಿಎಫ್‌ನಲ್ಲಿ ಫ್ರೇಮ್‌ಗಳ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ. ಇಂಥ ಗೆರೆ ಕೆಲವೊಮ್ಮೆ ಸ್ಕ್ರೀನಿನ ಭ್ರಮೆ, ಜೂಮ್ ಮಾಡಿದಷ್ಟೂ ದಪ್ಪ ಆಗದಿದ್ದರೆ ಅದು ಪ್ರಿಂಟ್‌ಗೆ ಬರುವುದಿಲ್ಲ. ನನ್ನದು ದಪ್ಪ ಆಗುತ್ತಿತ್ತು, ಫ್ರೇಮ್ 0.1 ಮಿಮೀ ತಪ್ಪಿತ್ತು. ಮೂರನ್ನೂ ಅಳಿಸಿ, 290 x 216ರ ಒಂದೇ ಪುಟ, 3 ಮಿಮೀ ಬ್ಲೀಡ್, ಒಂದೇ ಫ್ರೇಮ್, 140 ಮತ್ತು 150ರಲ್ಲಿ ಗೈಡ್ ಅಂತ ಮಾಡಿದೆ.

ಎಲ್ಲ ಮುಗಿದು ಫೈಲ್ ಕಳಿಸುವ ಹಿಂದಿನ ದಿನ ಚಿಕ್ಕಪ್ಪ ಇನ್ನೊಂದು ಫಾರ್ಮಾ, ಅಂದರೆ 16 ಪುಟ, ಸೇರಿಸಿದರು. ಸ್ಪೈನ್ 10.8 ಆಯಿತು. ಬೇರೆ ಯಾವ ದಾರಿಯಾಗಿದ್ದರೂ ತಲೆ ಕೆಡುತ್ತಿತ್ತೋ ಏನೋ. ಇಲ್ಲಿ ಬಲಕ್ಕೆ ಅಂಟಿದ ಫೋಟೊ ಮುಟ್ಟಲೇ ಇಲ್ಲ. ಮೇಲಿನ ಕಮಾಂಡಿನಲ್ಲಿ 1680 ಇದ್ದದ್ದನ್ನು 1690 ಮಾಡಿ, ಪುಟ, ಫ್ರೇಮ್ ಎರಡರ ಅಗಲಕ್ಕೂ 0.8 ಮಿಮೀ ಸೇರಿಸಿ, ಎರಡನೇ ಗೈಡನ್ನು 150.8ಕ್ಕೆ ಸರಿಸಿ, ಸ್ಪೈನ್ ಮೇಲಿನ ಹೆಸರನ್ನು ನಡುವಿಗೆ ತಂದು ಮತ್ತೆ ಪಿಡಿಎಫ್ ತೆಗೆದೆ.