ಎರಡೂ ಕಾಲು ಗಂಟೆ ಲೇಟು ಅಂತ ಆಪ್ ಹೇಳಿತು, ಆದರೂ ರೈಲು ತಪ್ಪಿತು

ಕಳೆದ ತಿಂಗಳು ಅಮ್ಮನನ್ನು ಕರೆದುಕೊಂಡು ದಾವಣಗೆರೆಯಿಂದ ಬೆಂಗಳೂರಿಗೆ ಹೊರಟಿದ್ದೆ. ಹುಬ್ಬಳ್ಳಿ ಕಡೆಯಿಂದ ಬರುವ ರೈಲು ನಮ್ಮೂರಿಗೆ ರಾತ್ರಿ 11:10ಕ್ಕೆ ಬರಬೇಕಿತ್ತು. ಎಂಟು ಗಂಟೆಗೆ ಆಪ್ ನೋಡಿದರೆ ರೈಲು ಇನ್ನೂ ಹುಬ್ಬಳ್ಳಿಯನ್ನೇ ತಲುಪಿಲ್ಲ, 2 ಗಂಟೆ 15 ನಿಮಿಷ ಲೇಟು. ದಾವಣಗೆರೆಗೆ 1:25 ಅಂತ ತೋರಿಸುತ್ತಿತ್ತು. ಒಂದು ಗಂಟೆಗೆ ಮನೆ ಬಿಟ್ಟರೆ ಸಾಕು ಅಂದುಕೊಂಡು ಅಮ್ಮನಿಗೆ ಮಲಗಲು ಹೇಳಿದೆ.

ಹನ್ನೆರಡೂವರೆಗೆ ಸುಮ್ನೆ ಒಮ್ಮೆ ನೋಡಿದರೆ ರೈಲು ಹರಿಹರ ಬಿಟ್ಟಾಗಿದೆ! ಹರಿಹರದಿಂದ ನಮ್ಮೂರಿಗೆ ಇರುವುದು ಹದಿನೈದು ಕಿಲೋಮೀಟರ್ ಒಳಗೆ.

ಆಪ್ ಆ 1:25ನ್ನು ಹೇಗೆ ಲೆಕ್ಕ ಹಾಕಿತ್ತು ಗೊತ್ತಾ? ಆಗಿದ್ದ ಲೇಟನ್ನು ಮುಂದಿನ ಎಲ್ಲ ಸ್ಟೇಷನ್‌ಗೂ ಹಾಗೆಯೇ ಕೂಡಿಸಿತ್ತು, ಅಷ್ಟೇ. ಆದರೆ ಟೈಂ ಟೇಬಲ್‌ನಲ್ಲಿ ಅಲ್ಲಲ್ಲಿ ಸ್ವಲ್ಪ ಹೆಚ್ಚಿನ ಸಮಯ ಇಟ್ಟಿರುತ್ತಾರೆ. ದೊಡ್ಡ ಜಂಕ್ಷನ್‌ನಲ್ಲಿ ಇಪ್ಪತ್ತು ನಿಮಿಷ ನಿಲ್ಲಬೇಕಾದ ರೈಲು ಲೇಟಾಗಿದ್ದರೆ ಕೆಲಸ ಮುಗಿದ ಕೂಡಲೇ ಹೊರಡಬಹುದು. ನಮ್ಮ ರೈಲು ಹೀಗೆಯೇ ಮುಕ್ಕಾಲು ಗಂಟೆ ಉಳಿಸಿಕೊಂಡಿತ್ತು.

ಆಟೋ ಹಿಡಿದು ಸ್ಟೇಷನ್ ಸೇರಿದೆವು. ಆಪ್‌ನಲ್ಲಿ ಪ್ಲಾಟ್‌ಫಾರ್ಮ್ 1 ಅಂತ ಇತ್ತು, ಅಲ್ಲಿಗೇ ಓಡಿದೆವು. ಅದು ಮಾಮೂಲಾಗಿ ಬರುವ ಪ್ಲಾಟ್‌ಫಾರ್ಮ್ ಅಷ್ಟೇ. ಆವತ್ತು ರೈಲು ಎರಡರಲ್ಲಿ ನಿಂತಿತ್ತು. ಮೈಕಿನಲ್ಲಿ ಕೂಗಿದ್ದು ನಾವು ಆಟೋದಲ್ಲಿದ್ದಾಗ ಇರಬೇಕು. ಮಂಡಿನೋವಿನ ಅಮ್ಮ ಮೇಲ್ಸೇತುವೆಯ ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ರೈಲು ಹೊರಟೇ ಹೋಯಿತು.

ದುಡ್ಡೂ ಬರಲಿಲ್ಲ. ಲೇಟಿನ ಕಾರಣಕ್ಕೆ ಪೂರ್ತಿ ಹಣ ವಾಪಸ್ ಬೇಕೆಂದರೆ ನಾವು ಹತ್ತುವ ಸ್ಟೇಷನ್‌ನಲ್ಲಿ ರೈಲು ಮೂರು ಗಂಟೆಗಿಂತ ಜಾಸ್ತಿ ತಡವಾಗಿರಬೇಕು. ಅದೂ ರೈಲು ಅಲ್ಲಿಂದ ನಿಜವಾಗಿ ಹೊರಡುವ ಮೊದಲೇ ಟಿಡಿಆರ್ ಅನ್ನುವ ಹಣ ವಾಪಸಿನ ಅರ್ಜಿ ಹಾಕಬೇಕು. ಕೌಂಟರ್ ಟಿಕೆಟ್ ಆದರೆ ಅಷ್ಟರೊಳಗೆ ಹಿಂದಿರುಗಿಸಬೇಕು. ನಮ್ಮದು ಒಂದೂವರೆ ಗಂಟೆ ಲೇಟು, ಅರ್ಜಿ ಹಾಕಿದ್ದು ಬೆಳಿಗ್ಗೆ.

ಈಗ ನಾನು ಆಪ್ ಕೊಡುವ ಅಂದಾಜು ಸಮಯವನ್ನು ನೋಡುವುದೇ ಇಲ್ಲ. ರೈಲು ಯಾವ ಸ್ಟೇಷನ್ ಬಿಟ್ಟಿದೆ, ಆ ಮಾಹಿತಿ ಎಷ್ಟು ಹೊತ್ತಿನದು ಅಂತ ಮಾತ್ರ ನೋಡುತ್ತೇನೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅರ್ಧ ಗಂಟೆ ಹಳೆಯದಾಗಿದ್ದರೆ ರೈಲ್ವೆಯದೇ ಎನ್‌ಟಿಇಎಸ್ ಆಪ್ ಅಥವಾ 139ರಲ್ಲಿ ಇನ್ನೊಮ್ಮೆ ವಿಚಾರಿಸುತ್ತೇನೆ. ರೈಲು ಹರಿಹರಕ್ಕಿಂತ ಮೊದಲು ಸಿಗುವ ರಾಣೆಬೆನ್ನೂರು ಬಿಡುವ ಹೊತ್ತಿಗೆ ನಾವು ಸ್ಟೇಷನ್‌ನಲ್ಲಿ ಇರಬೇಕು ಅಂತ ಲೆಕ್ಕ. ಪ್ಲಾಟ್‌ಫಾರ್ಮ್ ಯಾವುದು ಅನ್ನುವುದಕ್ಕೆ ಸ್ಟೇಷನ್ ಬೋರ್ಡು ಮತ್ತು ಮೈಕು, ಇನ್ಯಾವುದೂ ಅಲ್ಲ.

ಇನ್ನೊಂದು ವಿಷಯ ಮರುದಿನ ತಿಳಿಯಿತು. ರೈಲು ಹೊರಡುವ ಊರಲ್ಲೇ ಎರಡು ಗಂಟೆ ತಡವಾಗಿ ಹೊರಡುತ್ತದೆ ಅಂತ ಮಧ್ಯಾಹ್ನವೇ ಎಸ್‌ಎಂಎಸ್ ಬಂದಿತ್ತಂತೆ. ನನಗಲ್ಲ, ಟಿಕೆಟ್ ಮಾಡಿಸಿಕೊಟ್ಟ ಏಜೆಂಟನಿಗೆ. ಬುಕ್ ಮಾಡುವಾಗ ಅವನು ತನ್ನ ನಂಬರನ್ನೇ ಹಾಕಿದ್ದ. "ದಿನಕ್ಕೆ ನೂರು ಮೆಸೇಜ್ ಬರ್ತವೆ ಸಾರ್, ಎಲ್ಲಿ ನೋಡೋದು?" ಅಂದ.