ವಾರದ ಮಾತ್ರೆ ಡಬ್ಬಿ: ಎರಡು ವರ್ಷ ಬಳಸಿದ ಮೇಲೆ

ಅಪ್ಪನಿಗೆ ಎಪ್ಪತ್ತು ದಾಟಿದೆ. ಥೈರಾಯ್ಡ್, ಶುಗರ್, ಬಿಪಿ ಮೂರೂ ಇವೆ. ಅವರಿಗೆ ತಂದಿರುವುದು 28 ಖಾನೆಗಳ ಪ್ಲಾಸ್ಟಿಕ್ ಡಬ್ಬಿ. ದಿನಕ್ಕೊಂದು ಪಟ್ಟಿ, ಪಟ್ಟಿಗೆ ನಾಲ್ಕು ಖಾನೆ. ಬೇಕಾದ ದಿನದ ಪಟ್ಟಿಯನ್ನಷ್ಟೇ ಹೊರಗೆ ತೆಗೆಯಬಹುದು.

ಕೊಳ್ಳುವವರು ಮೊದಲು ತಿಳಿಯಬೇಕಾದದ್ದು, ಡಬ್ಬಿ ಯಾರಿಗೂ ನೆನಪು ಮಾಡಿಕೊಡುವುದಿಲ್ಲ. ‘ಮಾತ್ರೆ ತಗೊಂಡೆನಾ ಇಲ್ವಾ’ ಎಂಬ ಅನುಮಾನ ತೀರಿಸುವುದೇ ಅದರ ಕೆಲಸ. ಖಾನೆ ಖಾಲಿ ಇದ್ದರೆ ತಗೊಂಡಾಯಿತು. ಮರೆಯುವವರ ವಿಷಯದಲ್ಲಿ ನನಗೆ ಜಾಸ್ತಿ ಭಯ ಇದ್ದದ್ದು ಇಲ್ಲೇ. ಅಪ್ಪನ ಶುಗರ್ ಮಾತ್ರೆಗಳಲ್ಲಿ ಗ್ಲಿಮಿಪಿರೈಡ್ ಒಂದು. ಅನುಮಾನದಲ್ಲಿ ಅದನ್ನು ಎರಡನೇ ಸಲ ನುಂಗಿದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ಗೊಂದಲ ಶುರುವಾಗಬಹುದು.

ನೆನಪಿಸುವುದಕ್ಕೆ ಮೊಬೈಲ್ ಅಲಾರಾಂ ಇದೆ. ಆದರೆ ಅಲಾರಾಂ ನಿಲ್ಲಿಸಿ ‘ಆಮೇಲೆ ತಗೊಳ್ಳೋಣ’ ಎಂದರೆ ಮರೆತ ಹಾಗೆಯೇ. ಅದಕ್ಕೆ ಮೊಬೈಲನ್ನೂ ಆ ದಿನದ ಪಟ್ಟಿಯನ್ನೂ ಊಟದ ಮೇಜಿನ ಮೇಲೆ ನೀರಿನ ಚೊಂಬಿನ ಪಕ್ಕ ಇಡುತ್ತೇವೆ. ಅಲಾರಾಂ ನಿಲ್ಲಿಸಲು ಅಪ್ಪ ಅಲ್ಲಿಗೇ ಬರಬೇಕು. ಮೊದಲು ಮಾತ್ರೆ, ಆಮೇಲೆ ಅಲಾರಾಂ ಆಫ್. ರಾತ್ರಿ ನಾನು ಫೋನ್ ಮಾಡಿದಾಗ ‘ಮಾತ್ರೆ ತಗೊಂಡ್ರಾ?’ ಎಂದು ಕೇಳುವುದಿಲ್ಲ, ‘ಅಪ್ಪ, ಪಟ್ಟಿ ನೋಡಿ, ಯಾವ ಖಾನೆಯಲ್ಲಿ ಮಾತ್ರೆ ಉಳಿದಿದೆ?’ ಎಂದು ಕೇಳುತ್ತೇನೆ. ‘ತಗೊಂಡೆ’ ಅನ್ನುವುದು ಬಾಯಿಗೆ ಬಂದ ಮಾತಾಗಿರಬಹುದು, ಅಲ್ವಾ?

ಖಾನೆಗಳ ಮೇಲೆ ಅಚ್ಚಾಗಿದ್ದ ಇಂಗ್ಲಿಷ್ ಅಕ್ಷರ ನಮಗೆ ಉಪಯೋಗಕ್ಕೆ ಬರಲಿಲ್ಲ. ಮೇಲೆ ಚೀಟಿ ಅಂಟಿಸಿ ‘ಬರಿ ಹೊಟ್ಟೆ’, ‘ತಿಂಡಿ ಜೊತೆ’, ‘ಮಧ್ಯಾಹ್ನ’, ‘ರಾತ್ರಿ ಊಟ’ ಎಂದು ಬರೆದೆವು. ಥೈರಾಯ್ಡ್ ಮಾತ್ರೆ ಮೊದಲನೆಯದರಲ್ಲಿ. ಅದನ್ನು ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟೇ ಕಾಫಿ, ತಿಂಡಿ. ತಿಂಡಿ ಜೊತೆಗೆ ಗ್ಲಿಮಿಪಿರೈಡ್, ಮೆಟ್‌ಫಾರ್ಮಿನ್, ಬಿಪಿಯ ಆಮ್ಲೋಡಿಪಿನ್. ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆ ಮೈಗೆ ಹತ್ತಲು ಬಿಡುವುದಿಲ್ಲ, ನಾಲ್ಕು ಗಂಟೆ ಅಂತರ ಬೇಕು. ಅದಕ್ಕೇ ಅದು ಮಧ್ಯಾಹ್ನದ ಊಟಕ್ಕೆ ಹೋಯಿತು. ರಾತ್ರಿಗೆ ಮೆಟ್‌ಫಾರ್ಮಿನ್, ಕೊಲೆಸ್ಟ್ರಾಲ್ ಮಾತ್ರೆ. ಒಂದು ದಿನಕ್ಕೆ ಒಂದು, ಮೂರು, ಒಂದು, ಎರಡು. ಈ ಲೆಕ್ಕವನ್ನು ಡಬ್ಬಿಯ ತಳಕ್ಕೆ ಅಂಟಿಸಿದ್ದೇವೆ.

ತುಂಬುವುದು ಭಾನುವಾರ, ಟಿವಿ ಆಫ್ ಮಾಡಿ. ದಿನದ ಲೆಕ್ಕದಲ್ಲಿ ತುಂಬಲು ಹೋಗಬೇಡಿ. ಒಂದು ಸ್ಟ್ರಿಪ್ ಕೈಗೆತ್ತಿಕೊಂಡು ಏಳೂ ದಿನಕ್ಕೆ ಹಾಕಿ, ಅದನ್ನು ಪಕ್ಕಕ್ಕಿಟ್ಟ ಮೇಲೆಯೇ ಮುಂದಿನದು. ಕೊನೆಗೆ ಪ್ರತಿ ಖಾನೆಯನ್ನು ತಳದ ಲೆಕ್ಕದ ಜೊತೆ ತಾಳೆ ನೋಡಿ. ಹೆಸರು, ಎಕ್ಸ್‌ಪೈರಿ ಇರುವ ಸ್ಟ್ರಿಪ್ಪಿನ ತುಂಡನ್ನು ಆ ವಾರ ಮುಗಿಯುವವರೆಗೆ ಎಸೆಯಬೇಡಿ. ಮೆಡಿಕಲ್ ಶಾಪ್‌ನಲ್ಲಿ ಬೇರೆ ಕಂಪನಿಯದು ಕೊಟ್ಟರೆ ಮಾತ್ರೆಯ ಬಣ್ಣ, ಆಕಾರ ಬದಲಾಗುತ್ತದೆ. ಆಗ ಈ ತುಂಡೇ ಗುರುತು.

ಎಲ್ಲ ಮಾತ್ರೆಯನ್ನೂ ಬಿಡಿಸಿ ಹಾಕುವಂತಿಲ್ಲ. ನಾಲಿಗೆ ಕೆಳಗಿಡುವ ನೈಟ್ರೋಗ್ಲಿಸರಿನ್, ರಕ್ತ ತೆಳುವಾಗಿಸುವ ಡಾಬಿಗಾಟ್ರಾನ್ ಇಂಥವು ಅವುಗಳ ಮೂಲ ಪ್ಯಾಕಿನಲ್ಲೇ ಇರಬೇಕು. ಕೆಲವರು ಸ್ಟ್ರಿಪ್ಪನ್ನೇ ಕತ್ತರಿಸಿ ತುಂಡನ್ನು ಖಾನೆಗೆ ಹಾಕುತ್ತಾರೆ. ಅದು ಅಪಾಯ, ಫಾಯಿಲ್ ಸಮೇತ ನುಂಗಿದರೆ ಚೂಪಾದ ಅಂಚು ಅನ್ನನಾಳ ಗೀರುತ್ತದೆ. ದಿನವೂ ತಗೊಳ್ಳುವ ಅಂಥ ಮಾತ್ರೆಗೆ ‘ಪ್ಯಾಕಿನಿಂದ ಒಂದು’ ಎಂದು ಬರೆದ ಚೀಟಿಯನ್ನು ಖಾನೆಯಲ್ಲಿಟ್ಟರೆ ಸಾಕು. ತಗೊಂಡ ಮೇಲೆ ಚೀಟಿ ತೆಗೆದುಬಿಡುವುದು. ನಿಮ್ಮ ಮಾತ್ರೆಗಳ ಹೆಸರು ಬರೆದ ಪಟ್ಟಿ ತೋರಿಸಿ ಫಾರ್ಮಸಿಸ್ಟ್ ಹತ್ತಿರ ಒಂದು ಸಲ ಕೇಳಿಕೊಳ್ಳಿ.

ತಪ್ಪಿದ ಡೋಸಿಗೆ ಏನು ಮಾಡಬೇಕು ಎಂದು ಪ್ರತಿ ಮಾತ್ರೆಗೂ ಡಾಕ್ಟರನ್ನು ಮೊದಲೇ ಕೇಳಿ ಬರೆದಿಟ್ಟಿದ್ದೇವೆ. ಎರಡು ಹೊತ್ತಿನದು ಒಟ್ಟಿಗೆ ನುಂಗುವಂತಿಲ್ಲ. ವಾರದ ಮಧ್ಯೆ ಡಾಕ್ಟರ್ ಡೋಸ್ ಬದಲಿಸಿದರೆ ಉಳಿದ ದಿನಗಳ ಖಾನೆಗಳಿಂದ ಹಳೆಯದನ್ನು ತೆಗೆಯುವುದು ಅದೇ ದಿನದ ಕೆಲಸ.

ಡಬ್ಬಿಗೆ ಮಿತಿಯೂ ಇದೆ. ಗುರುವಾರ ಬೆಳಿಗ್ಗೆ ಶುಕ್ರವಾರದ ಖಾನೆ ಖಾಲಿಯಾಗಿದ್ದರೆ, ದಿನ ಯಾವುದೆಂದೇ ಆಗಾಗ ಗೊತ್ತಾಗದಿದ್ದರೆ, ಡಬ್ಬಿ ಸಾಲದು. ಯಾರಾದರೂ ಕೈಯಾರೆ ಕೊಡಬೇಕು, ಡಾಕ್ಟರಿಗೂ ಹೇಳಬೇಕು.

ಗುಣಮಟ್ಟ ಪರವಾಗಿಲ್ಲ. ಮೊದಲು ಮುಚ್ಚಳ ಬಿಗಿಯಾಗಿತ್ತು, ಗಂಟು ನೋವಿರುವ ಬೆರಳಿಗೆ ಕಷ್ಟ. ಈಗ ಎರಡು ಪಟ್ಟಿಗಳಲ್ಲಿ ಸಡಿಲವಾಗಿದೆ, ಊರಿಗೆ ಹೋಗುವಾಗ ಬ್ಯಾಗಿನಲ್ಲಿ ತೆರೆದುಕೊಳ್ಳದಂತೆ ರಬ್ಬರ್ ಬ್ಯಾಂಡ್ ಹಾಕುತ್ತೇವೆ. ಮಕ್ಕಳು ಸುಲಭವಾಗಿ ತೆರೆಯುತ್ತಾರೆ, ಮೊಮ್ಮಕ್ಕಳು ಬಂದಾಗ ಡಬ್ಬಿ ಬೀರುವಿನ ಮೇಲಿನ ಹಲಗೆಗೆ ಹೋಗುತ್ತದೆ. ಒಲೆ, ಬಚ್ಚಲ ಹತ್ತಿರವಂತೂ ಇಡಬೇಡಿ, ಬಿಸಿ ಮತ್ತು ತೇವಕ್ಕೆ ಮಾತ್ರೆ ಕೆಡುತ್ತದೆ. ಮುಂದಿನ ಸಲ ಕೊಳ್ಳುವಾಗ ಅಪ್ಪನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಕೈಯಲ್ಲೇ ಮುಚ್ಚಳ ತೆರೆಸಿ ನೋಡಿ ತರುತ್ತೇನೆ.